ಸದ್ದು ಏರದ ಕ್ಯಾಸೆಟ್

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಕೆಳಗಿನ ಮಹಡಿಯ ಟೀಚರ ಮನೆಯ ಗೋಡೆ ಗಡಿಯಾರವನ್ನು ಆಗಷ್ಟೇ ನೋಡಿದ್ದೆ. ಹನ್ನೊಂದು ನಿಮಿಷದ ವಿಡಿಯೊ, ಮೂರು ಇಪ್ಪತ್ತೊಂಬತ್ತಕ್ಕೆ ಹಾಕಿದ್ದೆವು, ಲೆಕ್ಕ ಸರಿಯಾಯಿತು ಎಂದುಕೊಂಡೆ. ಅಷ್ಟರಲ್ಲಿ ಟಿ.ವಿ.ಯಿಂದ ಬೆಂಕಿಯ ಸೈರನ್ ಕೂಗಿತು.

ಕುವೈತ್‌ಗೆ ಇರಾಕಿನ ಸೈನ್ಯ ನುಗ್ಗಿ ನಾಲ್ಕನೆಯ ವಾರ ಅದು. ಸಾಲ್ಮಿಯಾದಲ್ಲಿ ನಮ್ಮ ಕಟ್ಟಡದ ಬಾಗಿಲಲ್ಲೇ ಸೈನಿಕರು ಕುರ್ಚಿ ಹಾಕಿಕೊಂಡು ಕೂತಿದ್ದರು. ಟೀಚರ ಗಂಡ ಎದ್ದು ಟಿ.ವಿ.ಯತ್ತ ಓಡಿದರು. ಎಡಗಡೆ ಗುಂಡಿ ಒತ್ತಿದರು, ಅದು ಚಾನೆಲ್ ಗುಂಡಿ. ಕೊನೆಗೆ ಪ್ಲಗ್ ಕಿತ್ತರು. ಒಟ್ಟು ಎಂಟೋ ಹತ್ತೋ ಸೆಕೆಂಡು. ಮೆಟ್ಟಿಲ ಮೇಲೆ ಬೂಟಿನ ಸದ್ದು ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಾನು ಆಗ ಕುವೈತಿನ ರಾಯ್ ಎಂಬ ಬಡಾವಣೆಯ ಒಂದು ಸಣ್ಣ ವಿಡಿಯೊ ಸ್ಟುಡಿಯೊದಲ್ಲಿ ಧ್ವನಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಎಣ್ಣೆ ಕಂಪನಿಗಳ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುವ ಚಿತ್ರಗಳು ನಮ್ಮ ಹೊಟ್ಟೆಪಾಡು. ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಚಿತ್ರದ ನೂರಾರು ಪ್ರತಿಗಳು ಕಪಾಟಿನಲ್ಲಿ ಉಳಿದಿದ್ದವು. ನಮ್ಮ ಕಫೀಲ್, ಅಂದರೆ ಕುವೈತಿ ಮಾಲೀಕ, ಓಡಿಹೋಗಿದ್ದ, ಬೀಗದ ಕೈ ನನ್ನಲ್ಲಿತ್ತು. ನನ್ನ ಹೆಂಡತಿ ರಜೆಗೆಂದು ಜುಲೈಯಲ್ಲೇ ಮಂಗಳೂರಿಗೆ ಹೋಗಿದ್ದಳು.

ಊರಿನವರ ಸಂಘದ ಅಧ್ಯಕ್ಷರಿಗೆ ಹೊಳೆದ ಉಪಾಯ ಇದು. ಬಸ್ಸು ಎಲ್ಲಿಂದ ಹೊರಡುತ್ತದೆ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿವರೆಗೆ ಯಾವ ದಾರಿ, ವಾಸದ ಪರವಾನಗಿಯಾದ ಇಕಾಮಾ ಎಲ್ಲಿಟ್ಟುಕೊಳ್ಳಬೇಕು, ಎಷ್ಟು ನೀರು, ಏನೇನು ಒಯ್ಯಬಾರದು, ಇದನ್ನೆಲ್ಲ ಮನೆಮನೆಗೆ ಹೇಳಬೇಕಿತ್ತು. ಮುದ್ರಿಸಿದ ಕಾಗದ ಸಿಕ್ಕರೆ ಸೈನಿಕರು ವಿರೋಧಿಗಳ ಕರಪತ್ರವೆಂದು ಹಿಡಿಯುತ್ತಿದ್ದರು. ವಿಡಿಯೊ ಕ್ಯಾಸೆಟ್ ಮಾತ್ರ ಎಲ್ಲ ಇಂಡಿಯನ್ ಮನೆಗಳಲ್ಲಿ ರಾಶಿ ಬಿದ್ದಿರುತ್ತದೆ. ಹಿಂದಿ ಸಿನಿಮಾದ ಡಬ್ಬಿಯಲ್ಲಿ ಹಾಕಿ ಕೊಟ್ಟರೆ ಯಾರೂ ಕೇಳುವುದಿಲ್ಲ. ರಟ್ಟಿನ ಮೇಲೆ ನಕ್ಷೆ ಬರೆದು ಕ್ಯಾಮೆರಾದಲ್ಲಿ ತೆಗೆದೆವು. ನನ್ನ ಕೆಳಗಿನ ಮಹಡಿಯಲ್ಲಿದ್ದ ಟೀಚರು ವಿವರಣೆ ಓದಿದರು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಮನೆತನ. ಸ್ವಚ್ಛ ಕನ್ನಡ, ಮೃದು ದನಿ. ಓದಿದ್ದು ಅವರ ಅಡುಗೆಮನೆಯಲ್ಲೇ, ಫ್ರಿಜ್ಜಿನ ಪಕ್ಕ.

ರೆಕಾರ್ಡಿಂಗ್‌ನಲ್ಲಿ ಗುಂಯ್ ಎನ್ನುವ ಸದ್ದೂ ಸುಸ್ಸ್ ಎನ್ನುವ ಸದ್ದೂ ಇದ್ದವು. ಎರಡೂ ನನಗೆ ಕೇಳಿಸಿದ್ದವು. ಅಧ್ಯಕ್ಷರಿಗೆ ಹೇಳಿದೆ.

"ಎಂತ ಮಾರಾಯ, ನಾವು ರೇಡಿಯೊ ನಾಟಕ ಮಾಡುದಾ? ಮಾತು ಅರ್ಥ ಆದ್ರೆ ಸಾಕು" ಎಂದರು ಅವರು. "ನಾಳೆಗೆ ಆರು ಮನೆಗೆ ಹೋಗ್ಬೇಕು. ಯಲ್ಲಾ, ಬೇಗ."

ಹೊಸ ಕ್ಯಾಸೆಟ್ ಸಿಗುತ್ತಿರಲಿಲ್ಲ, ಅಂಗಡಿಗಳು ಲೂಟಿಯಾಗಿದ್ದವು. ಬೆಂಕಿಯ ಚಿತ್ರದ ಕ್ಯಾಸೆಟ್‌ಗಳ ಮೇಲೆಯೇ ನಮ್ಮದನ್ನು ತುಂಬಿಸಿದೆವು. ಸ್ಟುಡಿಯೊದಲ್ಲಿ ಹಳೆಯದನ್ನು ಪೂರ್ತಿ ಅಳಿಸುವ ಯಂತ್ರವಿತ್ತು, ಒಂದು ದೊಡ್ಡ ಅಯಸ್ಕಾಂತ. ಕ್ಯಾಸೆಟ್ಟನ್ನು ಅದರ ಮೇಲೆ ಅರ್ಧ ನಿಮಿಷ ಆಡಿಸಿದರೆ ಸಾಕು. ಅದು ಜೋರಾಗಿ ಗುನುಗುತ್ತದೆ. ರಸ್ತೆಗೆ ಕೇಳಿಸೀತೆಂದು ನಾನು ಅದನ್ನು ಮುಟ್ಟಲಿಲ್ಲ. ಹೀಗಾಗಿ ನಮ್ಮ ಹನ್ನೊಂದು ನಿಮಿಷ ಮುಗಿದ ಮೇಲೆ ಹಳೆಯ ಚಿತ್ರ ಇದ್ದಲ್ಲೇ ಇತ್ತು. ಹನ್ನೆರಡನೆಯ ನಿಮಿಷದ ಆರಂಭದಲ್ಲಿ ಅದರೊಳಗೆ ಸೈರನ್. ಆ ಸೈರನ್ನಿನ ಮಟ್ಟವನ್ನು ಎರಡು ವರ್ಷದ ಹಿಂದೆ ನಾನೇ ಇಟ್ಟಿದ್ದೆ, ಕ್ಯಾಂಟೀನಿನಲ್ಲಿ ನಿದ್ದೆ ಮಾಡುವವನೂ ಏಳಬೇಕು ಎಂದು. ಆಗ ಮ್ಯಾನೇಜರ್ ಮೆಚ್ಚಿದ್ದರು.

ಆ ಮಧ್ಯಾಹ್ನ ಎ.ಸಿ.ಯ ಸದ್ದಿನಲ್ಲಿ ಟೀಚರಿಗೆ ತಮ್ಮ ದನಿಯೇ ಕೇಳಿಸಲಿಲ್ಲ. ಗಂಡನಿಗೆ ಹೇಳಿದರು: "ಸ್ವಲ್ಪ ಜಾಸ್ತಿ ಮಾಡಿ. ಒಯ್ಯಬೇಡಿ ಅಂದೆನಾ, ಒಯ್ಯಿರಿ ಅಂದೆನಾ, ಗೊತ್ತೇ ಆಗುದಿಲ್ಲ." ಅವರು ಏರಿಸಿದರು. ಮತ್ತೊಮ್ಮೆ ಏರಿಸಿದರು. ವಿವರಣೆ ಮುಗಿದಾಗ ಯಾವ ಚೀಲ ಬಿಡುವುದೆಂದು ಗಂಡ ಹೆಂಡತಿ ಚರ್ಚೆಗಿಳಿದರು. ಕ್ಯಾಸೆಟ್ ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ.

ಸೈನಿಕರು ಮೂವರು ಬಂದರು. ಸೈರನ್ ಯಾರಿಗೆ ಸೂಚನೆ ಎಂದು ಅರಬ್ಬಿಯಲ್ಲಿ ಕೇಳಿದರು. ಫಹಾಹೀಲ್‌ನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಟೀಚರ ಗಂಡನಿಗೆ ಅರಬ್ಬಿ ಬರುತ್ತಿತ್ತು. ಅವರು ಎದೆ ಮುಟ್ಟಿಕೊಂಡು, "ಅನಾ" ಎಂದರು. ನಾನು ಹಾಕಿದ್ದು ಎಂದು. ಅದು ನಿಜವೇ, ಗುಂಡಿ ಒತ್ತಿದವರು ಅವರು. ಅದನ್ನು ತಯಾರಿಸಿದ ನಾನು ಸೋಫಾದ ಮೇಲೆ ಮೊಣಕಾಲು ಜೋಡಿಸಿ ಕೂತಿದ್ದೆ. ಒಬ್ಬ ಸೈನಿಕ ನನ್ನನ್ನು ನೋಡಿದ. ನಾನು ನೆಲದ ಕಾರ್ಪೆಟ್ಟನ್ನು ನೋಡಿದೆ. ಟೀಚರ ಗಂಡನನ್ನೂ ಟಿ.ವಿ., ವಿ.ಸಿ.ಆರ್., ಕ್ಯಾಸೆಟ್‌ಗಳನ್ನೂ ಕೊಂಡುಹೋದರು.

ಟೀಚರು ಬಾಗಿಲು ಹಾಕಿದರು. ಅಳಲಿಲ್ಲ. "ಉಳಿದ ಐದು ಮನೆಯಲ್ಲೂ ಇದೇ ಉಂಟಲ್ಲ?" ಎಂದು ಕೇಳಿದರು.

ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು, "ನೀನು ಅಳಿಸ್ಲಿಲ್ವಾ?" ಎಂದರು. ಅವರ ಅವಸರದ ಮಾತನ್ನು ನೆನಪಿಸಬೇಕೆಂದು ಬಾಯಿವರೆಗೆ ಬಂತು. ಐದು ಮನೆಗೂ ಅವರು ಒಂದೊಂದೇ ಫೋನು ಮಾಡಿ, ಸಿನಿಮಾ ಚೆನ್ನಾಗಿಲ್ಲ, ನೋಡಬೇಡಿ, ವಾಪಸು ಕೊಡಿ ಎಂದರು. ಮರುದಿನ ಐದೂ ಬಂದವು. ಆದರೆ ಮಾಹಿತಿ ಇಲ್ಲದೆ ಆ ಮನೆಗಳೂ ಇನ್ನುಳಿದ ಮೂವತ್ತು ಮನೆಗಳೂ ಹೊರಡುವಂತಿರಲಿಲ್ಲ. ಬಸ್ಸಿಗೆ ಐದು ದಿನ ಉಳಿದಿತ್ತು.

"ಪುನಃ ಓದ್ತೇನೆ" ಎಂದರು ಟೀಚರು. ನಾನು ಬೇಡ ಎಂದೆ. "ನಿಮ್ಮ ಬೇಡ ಯಾರಿಗೆ ಬೇಕು?" ಎಂದರು. ಆ ಒಂದು ಮಾತು ಬಿಟ್ಟು ನನಗೆ ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಸ್ಟುಡಿಯೊಗೆ ಹೋದೆವು. ಎರಡು ಕಡೆ ಸೈನಿಕರು ಕಾರು ನಿಲ್ಲಿಸಿದರು; ಟೀಚರನ್ನು ತೋರಿಸಿ ಹೆಂಡತಿ ಎಂದೆ, ಆಸ್ಪತ್ರೆಗೆ ಎಂದೆ. ಒಳಗೆ ಹೋಗಿ ಎ.ಸಿ. ಆರಿಸಿದೆ. ಹತ್ತು ನಿಮಿಷದಲ್ಲಿ ಕಾಗದ ಹಿಡಿದ ಅವರ ಕೈಯಿಂದ ಬೆವರು ತೊಟ್ಟಿಕ್ಕಿತು.

ಈ ಕೆಲಸವನ್ನು ನಾನು ಮೊದಲೇ ಹೇಗೆ ಮಾಡಬೇಕಿತ್ತೋ ಹಾಗೆ ಮಾಡಿದೆ. ಗುಂಯ್ ಸದ್ದು ಕರೆಂಟಿನದು. ಅಡುಗೆಮನೆಯಲ್ಲಿ ಮೈಕಿನ ತಂತಿ ಫ್ರಿಜ್ಜಿನ ತಂತಿಯ ಜೊತೆಗೇ ಹಾದುಹೋಗಿತ್ತು, ಧ್ವನಿಯ ಮಿಕ್ಸರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ರೆಕಾರ್ಡರ್ ಇನ್ನೊಂದು ಗೋಡೆಯದರಲ್ಲಿ. ಇಲ್ಲಿ ಎಲ್ಲವನ್ನೂ ಒಂದೇ ಕಡೆ ಚುಚ್ಚಿದೆ. ಮುಕ್ಕಾಲು ಪಾಲು ಹೋಯಿತು. ಉಳಿದದ್ದನ್ನು ಫಿಲ್ಟರಿನಿಂದ ಐವತ್ತು, ನೂರು, ನೂರೈವತ್ತು ಹರ್ಟ್ಜ್‌ಗಳಲ್ಲಿ ಕಿರಿದಾಗಿ ಕತ್ತರಿಸಿದೆ. ಹೆಂಗಸಿನ ದನಿಯ ಬುಡ ಅದಕ್ಕಿಂತ ಮೇಲಿರುತ್ತದೆ, ಆದ್ದರಿಂದ ಮಾತು ಸೊರಗಲಿಲ್ಲ.

ಸುಸ್ಸ್ ಸದ್ದು ಟೇಪಿನದು. ಮೊದಲ ಸಲ ದನಿಯನ್ನು ತೀರ ಸಣ್ಣಗೆ ತುಂಬಿಸಿ, ಪ್ರತಿಯಿಂದ ಪ್ರತಿ ಮಾಡಿದ್ದೆವು. ಪ್ರತಿ ಸಲವೂ ಅದು ಬೆಳೆದಿತ್ತು. ಈಗ ದೊಡ್ಡ ಸ್ಪೂಲಿನ ಟೇಪಿನ ಮೇಲೆ, ವೇಗವಾಗಿ, ದನಿ ಒಡೆಯದಷ್ಟು ಜೋರಾಗಿ ತುಂಬಿಸಿದೆ. ಮಾತಿಲ್ಲದಾಗ ಸದ್ದನ್ನು ತಗ್ಗಿಸುವ ಒಂದು ಉಪಕರಣವಿತ್ತು. ಅದನ್ನು ಪೂರ್ತಿ ಮುಚ್ಚುವಂತೆ ಇಟ್ಟಾಗ ಟೀಚರ ವಾಕ್ಯಗಳ ಬಾಲ ಕತ್ತರಿಸಿಹೋಯಿತು. ಅವರು ಕೊನೆಗೆ ದನಿ ಇಳಿಸುತ್ತಿದ್ದರು, ಬೇಕು ಬೇಡಗಳು ಇರುವುದೇ ಅಲ್ಲಿ. ಅರ್ಧ ಮಾತ್ರ ಮುಚ್ಚುವಂತೆ, ನಿಧಾನವಾಗಿ ಮುಚ್ಚುವಂತೆ ತಿರುಗಿಸಿದೆ.

ಆಮೇಲೆ ಮಟ್ಟ. ಜೋರು ಮಾತನ್ನು ಕಂಪ್ರೆಸರ್ ಎಂಬ ಧ್ವನಿ ಉಪಕರಣದಿಂದ ಒತ್ತಿ, ಒಟ್ಟು ದನಿಯನ್ನು ಮೇಲೆತ್ತಿದೆ. ಮೀಟರಿನ ಮುಳ್ಳು ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಮಿತಿಯ ಗುರುತಾದ ಸೊನ್ನೆಯ ಸ್ವಲ್ಪ ಕೆಳಗೆ ಆಡುತ್ತಿತ್ತು. ಪ್ರತಿ ಮಾಡಲು ನಮಗಿದ್ದದ್ದು ಮನೆಬಳಕೆಯ ವಿ.ಸಿ.ಆರ್.ಗಳು, ಅವಕ್ಕೊಂದು ಕೆಟ್ಟ ಚಾಳಿ: ಮಾತು ನಿಂತರೆ ತಾವಾಗಿಯೇ ಸದ್ದು ಏರಿಸಿ, ಖಾಲಿ ಜಾಗದಲ್ಲಿ ಸುಸ್ಸ್ ತುಂಬುತ್ತವೆ. ಹಾಗಾಗಿ ಉದ್ದನೆಯ ಮೌನಗಳನ್ನು ಬ್ಲೇಡಿನಿಂದ ಕತ್ತರಿಸಿ ಟೇಪನ್ನು ಅಂಟಿಸಿದೆ. ಒಂದು ಮೌನದಲ್ಲಿ ಟೀಚರು ಮೂಗು ಎಳೆದುಕೊಂಡಿದ್ದರು. ಅದನ್ನೂ ಕತ್ತರಿಸಿದೆ. ಆ ಎರಡಂಗುಲದ ತುಂಡು ತುಂಬಾ ಹೊತ್ತು ನನ್ನ ಬೆರಳಿಗೆ ಅಂಟಿಕೊಂಡಿತ್ತು.

ಅಳಿಸುವ ಯಂತ್ರವನ್ನು ಹಾಕಿದೆ. ಮೂವತ್ತೈದು ಕ್ಯಾಸೆಟ್, ಒಂದೊಂದಕ್ಕೆ ಅರ್ಧ ನಿಮಿಷ. ಅದು ಗುನುಗಿತು. ರಸ್ತೆಯಿಂದ ಯಾರೂ ಬರಲಿಲ್ಲ. ಮೊದಲ ದಿನವೂ ಬರುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು.

ನಾಲ್ಕನೆಯ ದಿನ ಟೀಚರ ಗಂಡನನ್ನು ಬಿಟ್ಟರು, ನಡೆದುಕೊಂಡೇ ಬಂದರು. ಮುಖದ ಎಡಭಾಗ ಊದಿತ್ತು. ಎಡಗಿವಿ ಕೇಳಿಸುತ್ತಿರಲಿಲ್ಲ. ಅವರ ಟಿ.ವಿ. ಹೋಗಿದ್ದರಿಂದ ನನ್ನ ಮನೆಗೆ ಬಂದು, "ಹಾಕಿ ನೋಡುವ" ಎಂದರು. ಎ.ಸಿ. ಓಡುತ್ತಲೇ ಇತ್ತು. ಅವರು ತಾವೇ ಟಿ.ವಿ.ಯ ಸದ್ದನ್ನು ತೀರ ಕೆಳಗಿಳಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಬಲಗಿವಿ ಈ ಕಡೆ ಮಾಡಿದರು. ಹನ್ನೊಂದು ನಿಮಿಷವೂ ಹಾಗೆಯೇ ನಿಂತಿದ್ದರು. ಆಮೇಲೆ ಪರದೆಯ ಮೇಲೆ ಬಿಳಿ ಚುಕ್ಕೆಗಳು, ಇರುವೆ ಹರಿದಷ್ಟು ಸದ್ದು. ಹನ್ನೆರಡನೆಯ ನಿಮಿಷ ಕಳೆಯುವವರೆಗೂ ಕ್ಯಾಸೆಟ್ ಓಡಲು ಬಿಟ್ಟೆವು.

"ಎಲ್ಲ ಕೇಳ್ತು. ಕೈ ಗುಂಡಿಗೆ ಹೋಗ್ಲೇ ಇಲ್ಲ" ಎಂದರು ಅವರು. ಮತ್ತೆ ನಗುತ್ತಲೇ, "ಇಷ್ಟು ಚಂದ ಮಾಡ್ಲಿಕ್ಕೆ ಗೊತ್ತಿತ್ತಲ್ಲ ಮಾರಾಯ್ರೇ ನಿಮ್ಗೆ" ಎಂದರು.

"ಗೊತ್ತಿತ್ತು" ಎಂದೆ.

"ಬನ್ನಿ ಇನ್ನು, ಅವರು ದಣಿದಿದ್ದಾರೆ" ಎಂದು ಟೀಚರು ಗಂಡನ ತೋಳು ಹಿಡಿದರು.

ಮೂವತ್ತೈದು ಮನೆಗಳಲ್ಲಿ ಆ ಕ್ಯಾಸೆಟ್ ಓಡಿತು. ಯಾವ ಮನೆಯ ಬಾಗಿಲನ್ನೂ ಸೈನಿಕರು ಬಡಿಯಲಿಲ್ಲ. ಎಲ್ಲರೂ ಬಸ್ಸು ಹತ್ತಿದೆವು. ಊರು ಸೇರಿದ ಮೇಲೆ ಅಧ್ಯಕ್ಷರಿಗೆ ಮಂಗಳೂರಿನ ಒಂದು ಸಭಾಂಗಣದಲ್ಲಿ ಶಾಲು ಹೊದಿಸಿದರು. ನಾನೂ ಹೋಗಿದ್ದೆ. ಧ್ವನಿವರ್ಧಕ ಗುಂಯ್ ಎನ್ನುತ್ತಿತ್ತು. ಕ್ಯಾಸೆಟ್ಟಿನ ಉಪಾಯದ ಬಗ್ಗೆ ಅವರು ಚೆನ್ನಾಗಿ ಮಾತಾಡಿದರು, ಮೊದಲ ಕ್ಯಾಸೆಟ್ಟಿನ ಬಗ್ಗೆ ಮಾತಾಡಲಿಲ್ಲ. ಮೊದಲ ಸಾಲಿನಲ್ಲಿ ಟೀಚರ ಗಂಡ ತಲೆಯನ್ನು ಒಂದು ಬದಿಗೆ ತಿರುಗಿಸಿ ಕೇಳುತ್ತಿದ್ದರು. ನಾನು ಎದ್ದು ನಿಂತು ಹೇಳಬಹುದಿತ್ತು. ಎರಡನೆಯ ಸಲವೂ ನಾನು ನೆಲ ನೋಡಿದೆ.

ನಿದ್ದೆ ಬರುತ್ತಿರಲಿಲ್ಲ. ಫ್ಯಾನು ತಿರುಗಿದರೂ ಫ್ರಿಜ್ಜು ಗುನುಗಿದರೂ, ಇನ್ನೇನು ಹನ್ನೊಂದು ನಿಮಿಷ ಮುಗಿಯುತ್ತದೆ ಎಂದು ಎಚ್ಚರವಾಗುತ್ತಿತ್ತು. ಮರುವರ್ಷ ಏಪ್ರಿಲಿನಲ್ಲಿ ಒಂದು ದಿನ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಸಂಜೆಯಿಂದ ಬೆಳಗಿನವರೆಗೆ ಕರೆಂಟಿರಲಿಲ್ಲ. ಸೆಕೆಗೆ ಯಾರಿಗೂ ಕಣ್ಣು ಹತ್ತಲಿಲ್ಲವಂತೆ, ಹೆಂಡತಿ ಬೀಸಣಿಗೆ ಹಿಡಿದು ಕೂತೇ ಇದ್ದಳಂತೆ. ಐವತ್ತು ಹರ್ಟ್ಜಿನ ಗುಂಯ್ ಎಲ್ಲೂ ಇಲ್ಲದ ಆ ಮನೆಯಲ್ಲಿ ನಾನೊಬ್ಬನೇ ಬೆಳಗಾಗುವವರೆಗೆ ನಿದ್ದೆ ಮಾಡಿದೆ.