ಜಗಳೂರಿನ ಕೋರಿಕೆಗೆ ಸಿಗದ ಉತ್ತರ

ಚನ್ನಗಿರಿಯ ಸಹಕಾರ ಸಂಘದ ಸರ್ವರ್ ಕೋಣೆಯಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಹೊನ್ನಾಳಿ, ನ್ಯಾಮತಿ ಶಾಖೆಗಳಿಗೆ ಸಂಪರ್ಕ ಸಲೀಸಾಗಿತ್ತು. ಜಗಳೂರಿಗೆ ಮಾತ್ರ ಎರಡು ದಿನದಿಂದ ಟೈಮ್‌ಔಟ್: ಸರ್ವರ್‌ನಿಂದ ಉತ್ತರ ಬಾರದೆ ಸಂಪರ್ಕ ಕಡಿಯುತ್ತಿತ್ತು. ಕೆಲಸ ನಿಂತಿದ್ದಕ್ಕೆ ಅಲ್ಲಿಯ ಗುಮಾಸ್ತೆಗೆ ನೋಟಿಸ್ ಹೋಗಿತ್ತು. ಸರ್ವರ್ ಸರಿಯಿದೆ ಎಂಬ ನನ್ನ ವರದಿಯೇ ಅದಕ್ಕೆ ಆಧಾರ.

ಜಗಳೂರಿನ ಸಂಪರ್ಕದ ಕೋರಿಕೆ ಸರ್ವರ್‌ವರೆಗಾದರೂ ಬರುತ್ತದೆಯೇ ಎಂದು ನೋಡಲು, ಕೊನೆಗೆ ಸರ್ವರ್‌ಗೆ ಬಂದುಹೋಗುವ ಪ್ರತಿ ಸಂದೇಶವನ್ನೂ ತೋರಿಸುವ ಟಿಸಿಪಿಡಂಪ್ ಓಡಿಸಿ ಆ ಗುಮಾಸ್ತೆಗೆ ಫೋನ್ ಮಾಡಿದೆ.

“ಈಗ ಕನೆಕ್ಟ್ ಒತ್ತಿರಿ, ಅಕ್ಕ.”

“ಒತ್ತಿದೆ ಕಣ್ರೀ. ಒತ್ತಿ ಒತ್ತಿ ಬೆರಳೇ ಸವ್ದೋಗೈತೆ. ನಿಮ್ಮ ಸರ್ವರ್‌ಗೆ ಕಿವಿ ಐತೋ ಇಲ್ವೋ?”

ಪರದೆಯಲ್ಲಿ ಕೋರಿಕೆಯ ಸಾಲು ಮೂಡಿತು. ಸೆಕೆಂಡಿನ ನಂತರ ಮತ್ತೊಮ್ಮೆ, ಎರಡು ಸೆಕೆಂಡು ಬಿಟ್ಟು ಇನ್ನೊಮ್ಮೆ, ನಾಲ್ಕು ಬಿಟ್ಟು ಮಗದೊಮ್ಮೆ. ಸರ್ವರ್ ಒಂದಕ್ಕೂ ಉತ್ತರಿಸಲಿಲ್ಲ. ಕೋರಿಕೆ ಬಂದ ಐಪಿ ವಿಳಾಸ ಹೊಸದು. ಶಾಖೆಯ ಇಂಟರ್‌ನೆಟ್ ಲೈನ್ ಬದಲಾದಾಗ ಆಕೆ ಅದನ್ನು ತಿಳಿಸಿ ಕಳಿಸಿದ್ದ ಪತ್ರ ನನ್ನ ಕಡತದಲ್ಲೇ ಇತ್ತು. ಸರ್ವರ್‌ಗೆ ಕಾವಲಿರುವ ಫೈರ್‌ವಾಲ್‌ನ ಪಟ್ಟಿಗೆ ಆ ವಿಳಾಸವನ್ನು ನಾನು ಸೇರಿಸಿರಲಿಲ್ಲ. ಪಟ್ಟಿಯಲ್ಲಿಲ್ಲದವರ ಕೋರಿಕೆಯನ್ನು ಅದು ಸದ್ದಿಲ್ಲದೆ ಕೈಬಿಡುತ್ತದೆ.

ಪ್ರತಿ ಸಭೆಯಲ್ಲೂ ಹೊಣೆಗಾರಿಕೆ ಎಲ್ಲಿ ಎಂದು ಮೇಜು ಗುದ್ದಿದವಳು ನಾನು.

“ಬಂತೇನ್ರೀ?” ಎಂದರು ಆಕೆ.

“ಬಂತು, ಅಕ್ಕ. ಎರಡು ದಿನದಿಂದ್ಲೂ ಬರ್ತಾನೇ ಐತೆ. ತಪ್ಪು ನಂದು.”

ಆಕೆ ಫೋನ್ ಇಟ್ಟರು. ಹೊಸ ವಿಳಾಸವನ್ನು ಪಟ್ಟಿಗೆ ಸೇರಿಸಿದೆ. ನನ್ನ ತಪ್ಪನ್ನು ಒಪ್ಪಿ, ನೋಟಿಸ್ ಹಿಂಪಡೆಯಬೇಕೆಂದು ಕಾರ್ಯದರ್ಶಿಗೆ ಬರೆದೆ. ಸಹಿ ಹಾಕುವಾಗ ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಇತ್ತು.