ಡಬ್ಬಿ ಬಿಡಿಸಿದ ಶುಕ್ರವಾರ

ಜೇವರ್ಗಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ ಊಟದ ಹೊತ್ತಾಯಿತೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಖಾನಾವಳಿಯ ಅಕ್ಕನ ಜೋಳದ ರೊಟ್ಟಿ, ಪುಂಡಿಪಲ್ಯದಲ್ಲಿ ಕುಂದು ಹುಡುಕುವಂತಿರಲಿಲ್ಲ. ಆದರೆ ರೂಮಿಗೆ ಡಬ್ಬಿ ತರುತ್ತಿದ್ದವನು ಆಕೆಯ ಗಂಡ. ಮೊದಮೊದಲು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದವನು ಆಮೇಲೆ ಬಾಗಿಲು ಬಡಿಯತೊಡಗಿದ. ಹಿಂದಿನ ದಿನದ ಖಾಲಿ ಡಬ್ಬಿ ಕೊಟ್ಟ ಮೇಲೂ ಕದಲದೆ, ಒಬ್ಬರೇ ಇರುತ್ತೀರಾ ಎಂದು ಕೇಳುತ್ತಿದ್ದ. ಒಂದು ಗುರುವಾರ ನಾನು ಬಾಗಿಲು ತೆರೆಯಲಿಲ್ಲ. ಆತ ಹೊರಗಿನಿಂದ ಮೆಲ್ಲಗೆ ತಳ್ಳಿ ನೋಡಿದ. ಚಿಲಕ ಅಲುಗಾಡುವುದನ್ನು ನೋಡುತ್ತ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ತಿಂಗಳಿನ್ನೂ ಅರ್ಧವಾಗಿತ್ತು. ಪೂರ್ತಿ ತಿಂಗಳಿಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಸಂಬಳ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಉಳಿದ ದುಡ್ಡು ಕೈಗೆ ಬಾರದೆ ಅಕ್ಕಿ, ಸ್ಟೌ ಕೊಳ್ಳುವಂತಿರಲಿಲ್ಲ. ಮರುದಿನ, ಆತ ಬೇರೆ ಓಣಿಗಳಿಗೆ ಡಬ್ಬಿ ಒಯ್ಯುವ ಹೊತ್ತು ನೋಡಿಕೊಂಡು ಖಾನಾವಳಿಗೆ ಹೋದೆ. ಡಬ್ಬಿ ಕೇಳುವ ನೆಪದಲ್ಲಿ ಮತ್ತೆ ಬಂದಾನೆಂದು ಅದನ್ನೂ ತೊಳೆದು ಒಯ್ದಿದ್ದೆ.

"ನಾಳಿಂದ ಡಬ್ಬಿ ಬ್ಯಾಡ್ರಿ ಅಕ್ಕಾರ. ಅಡ್ವಾನ್ಸಿನ ಲೆಕ್ಕ ಮಾಡಿಬಿಡ್ರಿ."

"ಯಾಕ್ರೀ ಮೇಡಂ, ಉಪ್ಪು ಖಾರ ಹೆಚ್ಚುಕಮ್ಮಿ ಆಗ್ಯದೇನು?"

"ಇಲ್ರಿ, ರೂಮಿನ್ಯಾಗ ನಾನೇ ಮಾಡ್ಕೋತೇನಿ."

ಅಕ್ಕ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಆಗ್ಲಿ. ಉಂಡ ದಿನದ್ದು ಮುರ್ಕೋತೇನಿ. ನಾಳಿಗಿ ಕಾಯಿಪಲ್ಯ ತಂದಾಗ್ಯದ, ಅದೊಂದು ದಿನದ್ದೂ ಹಿಡೀತೇನಿ. ಉಳಿದದ್ದು ನಿಮ್ಮದು. ಆದ್ರ ಇವತ್ತ ಶುಕ್ರವಾರ, ಗಲ್ಲಾದಾಗಿನ ಲಕ್ಷ್ಮಿ ಹೊರಗ ಹೋಗಬಾರದು. ನಾಳಿ ನಮ್ಮ ಮನಿಯವರ ಕೈಯಾಗ ಕಳಸ್ತೇನಿ."

ಬರಬೇಡ ಎನ್ನಲು ಬಂದವಳು ಆತನಿಗೆ ನಾನೇ ಕರೆ ಕೊಟ್ಟಂತಾಗಿತ್ತು. ನನ್ನ ಬಾಗಿಲು ತೆರೆಸಲು ಇನ್ನು ಆತನ ಕೈಯಲ್ಲಿ ನನ್ನದೇ ದುಡ್ಡು ಇರಲಿತ್ತು.

"ನಾನೇ ಬಂದು ಒಯ್ತೇನ್ರಿ. ಇಲ್ಲಾಂದ್ರ ಫೋನಿಗೆ ಹಾಕ್ರಿ."

"ನೀವ್ಯಾಕ ಬರ್ತೀರಿ? ಅವರು ಹೆಂಗೂ ನಿಮ್ಮ ಓಣಿಗಿ ಬರ್ತಾರ. ಫೋನು, ಬ್ಯಾಂಕು ಎಲ್ಲಾ ಅವರ ಕಡೇನೇ ಅದ."

ಹೊರಗೆ ಬೈಕಿನ ಸದ್ದಾದಾಗಲೆಲ್ಲ ನಾನು ತಿರುಗಿ ನೋಡುತ್ತಿದ್ದೆ. ಕೊನೆಗೆ ಬಾಯಿಂದ ಬಂದೇಬಿಟ್ಟಿತು: "ರೊಕ್ಕ ಬ್ಯಾಡ್ರಿ ಅಕ್ಕಾರ. ನಿಮ್ಮ ಕಡೇನೇ ಇರ್ಲಿ. ಯಾರ ಕೈಯಾಗೂ ಕಳಸಬ್ಯಾಡ್ರಿ."

ಬಡಿಯುತ್ತಿದ್ದ ಕೈ ನಿಂತಿತು. ಅಕ್ಕ ನನ್ನ ಮುಖವನ್ನೇ ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂದರೂ ತಿರುವಿ ಹಾಕಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು. ಗಲ್ಲಾ ತೆಗೆದು ನೋಟು ಎಣಿಸಿ ನನ್ನ ಮುಷ್ಟಿಯಲ್ಲಿಟ್ಟು ಮಡಚಿದಳು.

"ಶುಕ್ರವಾರ ಅಂದ್ರಲ್ರಿ?" ಎಂದೆ.

"ಹೋದ ವರ್ಷ ಒಬ್ಬಾಕಿ ನರ್ಸೂ ಹಿಂಗ ನಡುವ ಡಬ್ಬಿ ಬಿಡಿಸಿ, ರೊಕ್ಕ ಬ್ಯಾಡಂತ ಹೇಳಿ ಹೋದಳು. ದೊಡ್ಡ ಮನಸಿನಾಕಿ ಅಂತ ತಿಳಿದಿದ್ದೆ." ಬಾಗಿಲ ಕಡೆ ಒಮ್ಮೆ ನೋಡಿ ಅಕ್ಕ ದನಿ ತಗ್ಗಿಸಿದಳು. "ರೂಮು ಬದಲಿ ಮಾಡ್ರಿ ಮೇಡಂ. ಎಲ್ಲಿ ಅಂತ ನನಗೂ ಹೇಳಬ್ಯಾಡ್ರಿ."