ನಲವತ್ತೋ ಐವತ್ತೋ

ಲೋಕನಾಥ ಸರ್ ಹೆದರುಪುಕ್ಕಲ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವರೆದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ನಮ್ಮ ಕೋಚಿಂಗ್ ಕ್ಲಾಸಿನಲ್ಲಿ ಅವರದು ಗಣಿತ, ನನ್ನದು ಕೆಮಿಸ್ಟ್ರಿ. ಮೊದಲು ಅವರು ಇಲ್ಲಿನ ಒಂದು ಕೆಮಿಕಲ್ ಕಂಪನಿಯ ಲ್ಯಾಬಿನಲ್ಲಿದ್ದರು. ಒಂದು ದಿನ ಗೇಟಿಗೆ ಬೀಗ ಬಿತ್ತು. ಐವತ್ತು ದಾಟಿದವನನ್ನು ಇನ್ನು ಯಾರು ಕರೆಯುತ್ತಾರೆ ಎಂಬ ಭಯ ಅಂದಿನಿಂದ ಅವರ ಹೊಟ್ಟೆಯೊಳಗೆ ಕೂತುಬಿಟ್ಟಿದೆ.

ಆ ಭಯಕ್ಕೆ ನೀರೆರೆಯಲು ನಮ್ಮಲ್ಲಿ ಕ್ಯಾಮೆರಾ ಬೇರೆ. ಪ್ರತಿ ಕ್ಲಾಸಿನಲ್ಲೂ ಒಂದು. ಮಾಲೀಕ ಹರಿಶ್ಚಂದ್ರ ಸರ್ ಕ್ಯಾಬಿನ್ನಿನಲ್ಲಿ ಕೂತು ಎಲ್ಲ ಕ್ಲಾಸುಗಳನ್ನೂ ಪರದೆಯ ಮೇಲೆ ನೋಡುತ್ತಾರೆ. ಬೇಕೆನಿಸಿದರೆ ಮೈಕ್ ಒತ್ತಿ ಪಾಠದ ನಡುವೆಯೇ ಮಾತಾಡುತ್ತಾರೆ. ಕ್ಲಾಸಿನ ದನಿ ಮಾತ್ರ ಕ್ಯಾಬಿನ್ನಿಗೆ ಕೇಳುವುದಿಲ್ಲ.

ಹರಿಶ್ಚಂದ್ರ ಸರ್‌ಗೆ ಶಾರ್ಟ್‌ಕಟ್ ಎಂದರೆ ಪ್ರಾಣ. ಸಿಇಟಿಯಲ್ಲಿ ಯೋಚಿಸಲು ಸಮಯವೆಲ್ಲಿದೆ ಎನ್ನುತ್ತಾರೆ. ಲೋಕನಾಥ ಸರ್ ಹೆದರಿ ಎಲ್ಲಕ್ಕೂ ಒಂದೊಂದು ಶಾರ್ಟ್‌ಕಟ್ ಮಾಡಿಟ್ಟಿದ್ದರು. ಪುಟಿಯುವ ಚೆಂಡಿನ ಲೆಕ್ಕಕ್ಕೂ ಇತ್ತು. ಚೆಂಡು ಪ್ರತಿ ಸಲ ಹಿಂದಿನ ಎತ್ತರದ ಐದನೇ ಮೂರು ಭಾಗ ಮೇಲೇಳುತ್ತದೆ ಅನ್ನಿ. ಐದು ಮೂರು ಕೂಡಿದರೆ ಎಂಟು, ಕಳೆದರೆ ಎರಡು. ಎಂಟನ್ನು ಎರಡರಿಂದ ಭಾಗಿಸಿ ಎತ್ತರದಿಂದ ಗುಣಿಸಿ. ಹತ್ತು ಮೀಟರಿನಿಂದ ಬಿಟ್ಟರೆ ಚೆಂಡು ನಿಲ್ಲುವವರೆಗಿನ ಒಟ್ಟು ದೂರ ನಲವತ್ತು ಮೀಟರ್. ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು.

ಹೊರಗಿನಿಂದ ತರಿಸಿದ ಆ ತಿಂಗಳ ಪ್ರಶ್ನೆಪತ್ರಿಕೆಯಲ್ಲಿ ಚೆಂಡಿನ ಲೆಕ್ಕ ಬಂತು. ಎಲ್ಲರೂ ನಲವತ್ತು ಬರೆದರು, ಜ್ಯೋತಿಯೊಬ್ಬಳು ಐವತ್ತು. ಕಲಬುರಗಿ ಕಡೆಯಿಂದ ಬಂದು ಇಲ್ಲಿ ಮಾಲು ಹೊರುವ ಸೈದಪ್ಪನ ಮಗಳು ಅವಳು. ಲೋಕನಾಥ ಸರ್ ಕೆಂಪು ಗೆರೆ ಎಳೆದರು. ನಮ್ಮಲ್ಲಿ ತಿಂಗಳ ಅಂಕ ನೋಡಿ ಬ್ಯಾಚ್ ಬದಲಿಸುತ್ತಾರೆ, ಆ ಒಂದು ಲೆಕ್ಕಕ್ಕೇ ಅವಳು ಎ ಬ್ಯಾಚಿನಿಂದ ಬಿ ಬ್ಯಾಚಿಗೆ ಇಳಿಯುವವಳಿದ್ದಳು. ಬಿ ಬ್ಯಾಚಿಗೆ ಸಿಇಟಿಯ ಪಾಠವೇ ಇಲ್ಲ.

ಹೊಸ ಬ್ಯಾಚುಗಳ ಲಿಸ್ಟ್ ಹಾಕಿದ ಮಧ್ಯಾಹ್ನ ಅವಳು ಸ್ಟಾಫ್ ರೂಮಿಗೆ ಬಂದಳು.

"ಸರ್, ಇದರಾಗ ಚೆಂಡು ಮ್ಯಾಲಿಂದ ಬಿಟ್ಟಿಲ್ರಿ. ನೆಲದಿಂದ ಮ್ಯಾಲಕ್ಕ ಒಗದಾರ. ಮೊದಲಿನ ಹತ್ತು ಮೀಟರ್ ಸುದ್ದಾ ಎರಡು ಸಲ ಎಣಸಬೇಕಲ್ರಿ, ಹೋಗೂದೊಂದು ಬರೂದೊಂದು?"

ಸರ್ ಪ್ರಶ್ನೆ ಓದಿದರು. ಮತ್ತೊಮ್ಮೆ ಓದಿದರು. ಅವರ ಮುಖದ ರಕ್ತ ಇಳಿದುಹೋದದ್ದನ್ನು ನಾನೇ ಕಂಡೆ. ಮೇಲಿಂದ ಬಿಟ್ಟ ಚೆಂಡು ಮೊದಲ ಎತ್ತರವನ್ನು ಇಳಿಯುತ್ತದೆ ಅಷ್ಟೇ, ಆಮೇಲಿನದನ್ನೆಲ್ಲ ಹತ್ತಿ ಇಳಿಯುತ್ತದೆ. ಇಲ್ಲಿ ಮೊದಲ ಹತ್ತನ್ನೂ ಹತ್ತಿ ಇಳಿದಿದೆ. ನಲವತ್ತಕ್ಕೆ ಇನ್ನೊಂದು ಹತ್ತು ಸೇರಬೇಕು.

"ನೋಡುವ, ಹೋಗಮ್ಮ" ಎಂದರು. ಈ ಮನುಷ್ಯ ಸುಮ್ಮನಾಗಿಬಿಡುತ್ತಾರೆ ಎಂದುಕೊಂಡೆ. ಸಿಟ್ಟೂ ಬಂತು.

ಮುಂದಿನ ಪೀರಿಯಡ್ಡಿನಲ್ಲಿ ನಾನು ರಜೆ ಕೇಳಲು ಕ್ಯಾಬಿನ್ನಿನಲ್ಲಿದ್ದೆ. ಪರದೆಯಲ್ಲಿ ಎ ಬ್ಯಾಚ್ ಕಾಣುತ್ತಿತ್ತು. ಲೋಕನಾಥ ಸರ್ ಬೋರ್ಡಿನ ಮೇಲೆ ನೆಲ ಎಳೆದು, ಮೇಲಕ್ಕೊಂದು ಕೆಳಕ್ಕೊಂದು ಬಾಣ ಹಾಕಿದರು. ಪಕ್ಕದಲ್ಲಿ ಸಣ್ಣ ಬಾಣಗಳ ಜೋಡಿ, ಇನ್ನೂ ಸಣ್ಣದೊಂದು ಜೋಡಿ. ಇಪ್ಪತ್ತು, ಹನ್ನೆರಡು, ಏಳು ಪಾಯಿಂಟ್ ಎರಡು.

ಹರಿಶ್ಚಂದ್ರ ಸರ್ ಮೈಕ್ ಒತ್ತಿದರು. "ಇದೆಂತ ಸರ್, ಶಾರ್ಟ್‌ಕಟ್ ಹಾಕಿ ಮುಗಿಸಿ."

ಪರದೆಯಲ್ಲಿ ಲೋಕನಾಥ ಸರ್ ಬೆಚ್ಚಿದರು. ಚಾಕ್ ಕೈಜಾರಿತು. ಬಗ್ಗಿ ಎತ್ತಿಕೊಂಡು ಮತ್ತೆ ಬೋರ್ಡಿಗೆ ತಿರುಗಿದರು. ಆಮೇಲೆ ಐವತ್ತು ಎಂದು ಬರೆದು, ಅಡಿಗೆರೆ ಎಳೆದು, ಕ್ಲಾಸನ್ನು ಹಾಗೇ ಬಿಟ್ಟು ಕ್ಯಾಬಿನ್ನಿಗೆ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

ಮಾಲೀಕರು ಎಲ್ಲವನ್ನೂ ಕೇಳಿಸಿಕೊಂಡರು. "ಸರಿ, ತಪ್ಪಾಗಿದೆ. ಆದ್ರೆ ಲಿಸ್ಟ್ ಹಾಕಿ ಆಯ್ತಲ್ಲ? ಇವಳನ್ನು ಇಟ್ಕೊಂಡ್ರೆ ಮತ್ತೊಬ್ಬರು ಇಳಿಬೇಕು. ಅವರ ಪೇರೆಂಟ್ಸ್ ಬಂದು ಇಲ್ಲಿ ಕೂರ್ತಾರೆ. ಬಿಡಿ ಸರ್."

"ಹುಡುಗಿ ಸರಿ ಬರ್ದಿದ್ದಾಳೆ" ಎಂದರು ಲೋಕನಾಥ ಸರ್. ದನಿ ಅಳುವವರ ಹಾಗಿತ್ತು. "ಯಾರಾದ್ರೂ ಕೆಳಗೆ ಇಳಿಯಲೇಬೇಕು ಅಂತಾದ್ರೆ ನನ್ನನ್ನು ಇಳಿಸಿ."

ಹಾಗೇ ಆಯಿತು. ಬೇರೆ ಯಾರನ್ನೂ ಇಳಿಸದೆ ಒಂದು ಕುರ್ಚಿ ಹೆಚ್ಚು ಹಾಕಿಸಿ ಜ್ಯೋತಿಯನ್ನು ಎ ಬ್ಯಾಚಿನಲ್ಲಿ ಉಳಿಸಿಕೊಂಡರು, ಲೋಕನಾಥ ಸರ್‌ಗೆ ಬಿ ಬ್ಯಾಚ್ ಸಿಕ್ಕಿತು. ಕೆಲಸವಂತೂ ಹೋಗಲಿಲ್ಲ. ಇನ್ನಾದರೂ ಈ ಮನುಷ್ಯ ಉಸಿರು ಬಿಟ್ಟಾರು ಎಂದು ನಾನು ಚಹಾ ತರಿಸಿದೆ. ಅವರು ಕಪ್ಪನ್ನು ಬದಿಗೆ ಸರಿಸಿ, ಮೊದಲಿಗಿಂತ ಹೆಚ್ಚು ಗಾಬರಿಯಿಂದ ಹಳೆಯ ಹಾಜರಿ ಪುಸ್ತಕಗಳನ್ನು ತಿರುವತೊಡಗಿದರು.

"ಇನ್ನೆಂಥ ಹೆದರಿಕೆ ಸರ್? ಎಲ್ಲ ಮುಗೀತಲ್ಲ!" ಎಂದು ಛೇಡಿಸಿದೆ.

"ಈ ಶಾರ್ಟ್‌ಕಟ್ಟನ್ನು ನಾನು ವರ್ಷಗಟ್ಟಲೆ ಕಲಿಸಿದ್ದೇನೆ ಮೇಡಂ" ಎಂದರು. "ಎಷ್ಟು ಮಕ್ಕಳು ಅದನ್ನು ನಂಬಿ ಪರೀಕ್ಷೆಗೆ ಹೋದ್ರೋ. ಅವರನ್ನೆಲ್ಲ ಈಗ ಯಾವ ಬ್ಯಾಚಿಗೆ ಹತ್ತಿಸುದು?"